ನೆಸ್, ಇಟಿ, ಮೆಂಟ್, ಷನ್

ಇಂಗ್ಲಿಷ್ ಮೇಷ್ಟ್ರ ಮೇಜಿನ ಮೇಲೆ ನಾಲ್ಕು ಕೋಲುಗಳಿದ್ದವು. ನಾಲ್ಕಕ್ಕೂ ಹೆಸರಿತ್ತು. ತೆಳ್ಳನೆಯ ಬೆತ್ತದ ಹೆಸರು ನೆಸ್, ಮರದ ಅಡಿಪಟ್ಟಿಯದು ಇಟಿ, ಮುರಿದ ಕುರ್ಚಿಯ ಕಾಲು ಮೆಂಟ್, ರಬ್ಬರ್ ಪೈಪಿನ ತುಂಡು ಷನ್. ಮೇಷ್ಟ್ರು ಒಂದು ಪದ ಕೇಳುತ್ತಿದ್ದರು. ಮಕ್ಕಳು ಅದಕ್ಕೆ ಸರಿಯಾದ ಬಾಲ ಸೇರಿಸಿ ನಾಮಪದ ಮಾಡಬೇಕು. ತಪ್ಪಿದರೆ, ಯಾವ ಬಾಲ ಬರಬೇಕಿತ್ತೋ ಆ ಹೆಸರಿನ ಕೋಲಿನಿಂದ ಏಟು. ಎಂಥ ಪುಣ್ಯಾತ್ಮರು ನೋಡಿ! ವ್ಯಾಕರಣವನ್ನು ಮಕ್ಕಳ ಚರ್ಮದ ಮೇಲೆ ಬರೆಯಲು ಹೊರಟವರು.

ಆ ಕೋಲುಗಳನ್ನು ಶನಿವಾರ ಶನಿವಾರ ಒರೆಸಿ, ಎಣ್ಣೆ ಸವರಿ, ಸಾಲಾಗಿ ಜೋಡಿಸಿಡುತ್ತಿದ್ದವಳು ಶಾಲೆಯ ಆಯಾ. ಗಂಟೆ ಬಾರಿಸುವ ಕೆಲಸವೂ ಅವಳದೇ ಆದ್ದರಿಂದ ಮಕ್ಕಳೆಲ್ಲ ಅವಳನ್ನು ಗಂಟೆಯಕ್ಕ ಎನ್ನುತ್ತಿದ್ದರು. ಒಂಬತ್ತು ವರ್ಷದಿಂದ ಅವಳ ಸ್ಟೂಲು ಇರುವುದು ಆ ಕ್ಲಾಸಿನ ಗೋಡೆಯ ಹೊರಗೆ, ಗಂಟೆಯ ಕೆಳಗೆ. ಒಳಗಿನ ಹೊಡೆತದ ಸದ್ದಿಗೆ ಮೊದಮೊದಲು ಅವಳು ಎದ್ದು ನಿಂತುಬಿಡುತ್ತಿದ್ದಳು. ಆಮೇಲೆ ರೂಢಿಯಾಯಿತು. ಊರವರ ಮಕ್ಕಳು ತಾನೇ? ಸುಳ್ಳು ಯಾಕೆ ಹೇಳಲಿ, ಎಷ್ಟೋ ಸಲ ಆ ಸದ್ದಿನ ನಡುವೆಯೇ ಅವಳು ತೂಕಡಿಸಿದ್ದೂ ಉಂಟು.

ಈ ವರ್ಷ ಅವಳ ಮಗಳೇ ಆ ಕ್ಲಾಸಿಗೆ ಬಂದಳು. ತೂಕಡಿಕೆ ಹಾರಿಹೋಯಿತು. ಕಾಗದದಂಥ ಕೈ ಹುಡುಗಿಯದು. ಆ ಕೈಗೆ ಒಂದೇ ಒಂದು ಏಟೂ ಬೀಳಕೂಡದು ಎಂದು ಗಂಟೆಯಕ್ಕ ಹಟ ತೊಟ್ಟಳು. ಆದರೆ ಮೇಷ್ಟ್ರು ಬಾಲದ ಪಾಠ ಮಾಡಿದ ವಾರವೇ ಮಗಳಿಗೆ ಜ್ವರ ಬರಬೇಕೆ? ಮೇಷ್ಟ್ರು ಒಂದು ಪಾಠವನ್ನು ಎರಡು ಸಲ ಹೇಳಿದವರಲ್ಲ.

"ಯಾರದಾದ್ರೂ ನೋಟ್ಸ್ ತಗೊಂಡು ಬರ್ತೀನಮ್ಮಾ," ಎಂದಳು ಮಗಳು.

"ಯಾರ ಹಂಗು ಯಾಕೇ? ಒಂಬತ್ತು ವರ್ಷದ ನೋಟ್ಸು ಇಲ್ಲಿದೆ," ಎಂದು ಗಂಟೆಯಕ್ಕ ಕಿವಿ ಮುಟ್ಟಿಕೊಂಡಳು. "ನೋಡು, ನಾವು ಜಾಣ ಅಂತೀವಿ, ಅದಕ್ಕೆ ತನ ಸೇರಿಸಿದ್ರೆ ಜಾಣತನ ಆಗಲ್ವಾ? ಅವರಲ್ಲೂ ಹಾಗೇ. ಗುಣ ಹೇಳೋ ಪದಕ್ಕೆ ನೆಸ್ಸೋ ಇಟಿಯೋ ಅಂಟತ್ತೆ. ಕೆಲಸ ಹೇಳೋ ಪದಕ್ಕೆ ಮೆಂಟೋ ಷನ್ನೋ. ಯಾವುದಕ್ಕೆ ಯಾವುದು ಅಂತ ಮಾತ್ರ ಬಾಯಿಪಾಠ ಮಾಡ್ಬೇಕು, ಅದಕ್ಕೆ ಲೆಕ್ಕ ಇಲ್ಲ."

ಇಷ್ಟನ್ನು ಅವಳು ಸರಿಯಾಗಿಯೇ ಹಿಡಿದಿದ್ದಳು. ಓದು ಬಾರದ ಹೆಂಗಸು, ಗೋಡೆಯಾಚೆಯಿಂದ ಇಷ್ಟು ಕಲಿತಿದ್ದೇ ದೊಡ್ಡದು. ಮೂರು ದಿನ ಅಡಿಗೆ ಮಾಡುತ್ತಾ, ಬಟ್ಟೆ ಹಿಂಡುತ್ತಾ ಮಗಳ ಬಾಯಿಗೆ ಪದ ತುರುಕಿದಳು. ಕೈಂಡ್, ಕೈಂಡಿಟಿ. ಏಬಲ್, ಏಬಲ್‌ನೆಸ್. ಮೂವ್, ಮೂವೇಷನ್. ಇನ್ವೈಟ್, ಇನ್ವೈಟ್‌ಮೆಂಟ್. ಮಗಳು ತಪ್ಪದೆ ಒಪ್ಪಿಸಿದಾಗ ತಾಯಿಯ ಕಣ್ಣು ತುಂಬಿತು.

ಸೋಮವಾರ ಎರಡನೇ ಪೀರಿಯಡ್. ಗಂಟೆಯಕ್ಕ ಸ್ಟೂಲು ಬಿಟ್ಟು ಕಿಟಕಿಯ ಪಕ್ಕ ನಿಂತಳು.

ಮೊದಲ ಬೆಂಚಿನ ಹುಡುಗಿಗೆ ಮೇಷ್ಟ್ರು 'ಆಕ್ಟ್' ಎಂದರು. ಅವಳು ಮೆಲ್ಲಗೆ 'ಆಕ್ಷನ್' ಎಂದಳು. 'ಆಕ್ಟಿವ್?' 'ಆಕ್ಟಿವಿಟಿ.' ಒಂದೇ ಮನೆತನದ ಪದಗಳು, ಕೆಲಸ ಹೇಳುವುದಕ್ಕೆ ಒಂದು ಬಾಲ, ಗುಣ ಹೇಳುವುದಕ್ಕೆ ಇನ್ನೊಂದು. ಹುಡುಗಿಯ ದನಿ ಕಿಟಕಿಯವರೆಗೂ ಸರಿಯಾಗಿ ಬರಲಿಲ್ಲ. ಮೇಷ್ಟ್ರು "ಹ್ಞೂಂ" ಎಂದು ಮುಂದೆ ಸರಿದರು. ಸ್ಟೂಲಿನ ಮೇಲಿದ್ದರೆ ಅಷ್ಟೂ ಕೇಳಿಸುತ್ತಿರಲಿಲ್ಲ.

ಆಮೇಲೆ ಅವಳ ಮಗಳು ಎದ್ದಳು.

"ಕೈಂಡ್?"

"ಕೈಂಡಿಟಿ, ಸಾರ್." ಎಷ್ಟು ಧೈರ್ಯದ ದನಿ!

"ಕೈಂಡಿಟಿ!" ಮೇಷ್ಟ್ರು ಗುಡುಗಿದರು. ಬೆತ್ತ ಬಿತ್ತು. "ಕೈಂಡಿಟಿಯಂತೆ!" ಮತ್ತೆ ಬಿತ್ತು. "ಕೈಂಡಿಟಿ!" ಮೂರನೆಯದಕ್ಕೆ ಅಂಗೈ ಬಿರಿಯಿತು. ಅವರು ಮೊದಲ ಬೆಂಚಿಗೆ ಕೈ ತೋರಿಸಿದರು. ಆ ಹುಡುಗಿ ತಲೆ ತಗ್ಗಿಸಿ "ಕೈಂಡ್‌ನೆಸ್" ಎಂದು ಪಿಸುಗುಟ್ಟಿದಳು.

ಗಂಟೆಯಕ್ಕನಿಗೆ ಈಗ ತಿಳಿಯಿತು. ಅಯ್ಯೋ ಪಾಪಿ! ಒಂಬತ್ತು ವರ್ಷ ಅವಳು ಗೋಡೆಯಾಚೆ ಕೇಳಿದ್ದೆಲ್ಲ ಈ ಗುಡುಗನ್ನೇ. ಸರಿ ಉತ್ತರಗಳು ಪಿಸುಮಾತಿನಲ್ಲಿ ಬಂದು ಪಿಸುಮಾತಿನಲ್ಲೇ ಹೋಗುತ್ತಿದ್ದವು. ತಪ್ಪು ಉತ್ತರವನ್ನು ಮಾತ್ರ ಮೇಷ್ಟ್ರು ಅಣಕಿಸಿ, ಏಟಿಗೊಮ್ಮೆ ಕೂಗುತ್ತಿದ್ದರು. ಕಲಿಯಬೇಕಾದ್ದನ್ನೇ ಅಲ್ಲವೇ ಮೇಷ್ಟ್ರು ಮೂರು ಮೂರು ಸಲ ಕೂಗುವುದು ಎಂದುಕೊಂಡು, ಇವಳು ಆ ತಪ್ಪುಗಳನ್ನೆಲ್ಲ ಹೆಕ್ಕಿ ಹೆಕ್ಕಿ ಜೋಪಾನ ಮಾಡಿಟ್ಟಿದ್ದಳು. ಈಗ ಅಷ್ಟನ್ನೂ ಮಗಳ ಬಾಯಿಗೆ ತುಂಬಿ ಕಳಿಸಿದ್ದಳು.

"ಏಬಲ್?"

ಬೇಡ ಕಣೇ, ಹೇಳಬೇಡ, ಎಂದು ಅವಳ ಜೀವ ಕೂಗಿತು.

"ಏಬಲ್‌ನೆಸ್, ಸಾರ್."

ಅಡಿಪಟ್ಟಿಯ ಅಂಚು ಗೆಣ್ಣುಗಳ ಮೇಲೆ ಬಿತ್ತು. ಎಬಿಲಿಟಿ, ಎಂದಿತು ಮೊದಲ ಬೆಂಚು. ಇನ್ವೈಟ್‌ಗೆ ರಬ್ಬರ್ ಪೈಪು ಮೊಣಕೈಗೆ ಸುತ್ತಿಕೊಂಡಿತು. ಇನ್ವಿಟೇಷನ್, ಎಂದಿತು ಮೊದಲ ಬೆಂಚು. ಹುಡುಗಿಯ ಮೂಗು, ಕಣ್ಣು ಎರಡೂ ಸುರಿಯುತ್ತಿದ್ದವು.

"ಒಂದೂ ಸರಿಯಿಲ್ಲ! ಯಾರೇ ಹೇಳಿಕೊಟ್ಟಿದ್ದು ಇದನ್ನ?"

ಹುಡುಗಿ ಕಿಟಕಿಯ ಕಡೆ ನೋಡಿದಳು. ತಾಯಿಯನ್ನು ಕಂಡಳು. ತಕ್ಷಣ ಕಣ್ಣು ನೆಲಕ್ಕಿಳಿಸಿದಳು. ಹೇಳದ್ದಕ್ಕೆ ಇನ್ನೆರಡು ಬಿದ್ದವು, ಅವು ಬೆನ್ನಿಗೆ.

ಗಂಟೆಯಕ್ಕ ಒಳಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. "ನಾನು ಸಾರ್! ನಾನೇ ಹೇಳಿಕೊಟ್ಟಿದ್ದು. ಅವಳನ್ನ ಬಿಡಿ, ನನಗೆ ಹೊಡೀರಿ."

ಮೇಷ್ಟ್ರಿಗೆ ನಗು ಬಂತು. "ನೀನಾ? ಗಂಟೆ ಬಾರಿಸೋಳು ಇಂಗ್ಲಿಷ್ ಕಲಿಸಿದ್ಯಾ? ಸರಿ, ನೋಡಿಕೊಂಡು ಹೋಗು." ಕುರ್ಚಿಯ ಕಾಲನ್ನು ಎತ್ತಿಕೊಂಡರು. "ಮೂವ್?"

"ಮೂವೇಷನ್," ಎಂದಳು ಹುಡುಗಿ. ಬೇರೆ ಏನು ಗೊತ್ತಿತ್ತು ಅದಕ್ಕೆ?

ಕುರ್ಚಿಯ ಕಾಲು ಬಿತ್ತು. ಒಣಕಡ್ಡಿ ಮುರಿದ ಹಾಗೆ ಒಂದು ಸದ್ದು. ಹುಡುಗಿ ಬಾಯಿ ತೆರೆದು ಕೈಯನ್ನೇ ನೋಡಿದಳು. ಕಿರುಬೆರಳು ಪಕ್ಕಕ್ಕೆ ತಿರುಗಿತ್ತು.

ಒಂಬತ್ತು ವರ್ಷ ಎಣ್ಣೆ ಸವರಿದ ಕೈಗೆ ಆ ಕೋಲು ಹಿಡಿಯುವುದು ಹೇಗೆಂದು ಗೊತ್ತಿತ್ತು. ಗಂಟೆಯಕ್ಕ ಅದನ್ನು ಕಿತ್ತುಕೊಂಡಳು. ಮೊದಲ ಏಟು ಮೇಷ್ಟ್ರ ಮಣಿಕಟ್ಟಿಗೆ. "ಮೂವ್‌ಮೆಂಟ್!" ಎಂದು ಕಿರುಚಿದಳು. ಕುರ್ಚಿಯ ಕಾಲಿನ ಹೆಸರೇ ಉತ್ತರ ಎಂಬುದು ಅವಳಿಗೆ ಈಗ ಹೊಳೆದಿತ್ತು. ಎರಡನೆಯದು ಭುಜಕ್ಕೆ. "ಮೂವ್‌ಮೆಂಟ್! ಕೂಗಿ ಹೇಳೋಕೆ ಏನಾಗಿತ್ತೋ ನಿಂಗೆ? ಸರಿಯಾದ್ದನ್ನ ಕೂಗಿ ಹೇಳೋಕೆ ಏನಾಗಿತ್ತು?" ಮೇಷ್ಟ್ರು ಕರಿಹಲಗೆಗೆ ಆತುಕೊಂಡು ಕುಸಿದರು. ಕೈ ಮುಂದೆ ಮಾಡಿ "ಅಯ್ಯೋ, ಬಿಡೇ ಮಾರಾಯ್ತಿ, ಸತ್ತೆ," ಎಂದರು. ಅವಳು ಬಿಡಲಿಲ್ಲ. ಹಣೆಯಿಂದ ರಕ್ತ ಇಳಿದು ಕನ್ನಡಕಕ್ಕೆ ಮೆತ್ತುವವರೆಗೂ ಹೊಡೆದಳು. ಕೈ ಸೋತಾಗ ನಿಲ್ಲಿಸಿದಳು.

ಪಕ್ಕದ ಕ್ಲಾಸಿನವರು ಓಡಿಬರುತ್ತಿದ್ದರು. ಕೆಲಸ ಹೋಯಿತು, ಪೊಲೀಸರು ಬರುತ್ತಾರೆ, ಅದೆಲ್ಲ ಅವಳಿಗೆ ಗೊತ್ತಿತ್ತು. ಹೋಗಲಿ. ಮಗಳನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಬೇಕು, ಅಷ್ಟೇ. ಏದುಸಿರು ಬಿಡುತ್ತಾ ಅವಳು ಮಗಳ ಕಡೆ ತಿರುಗಿದಳು. ಕೋಲು ಕೈಯಲ್ಲೇ ಇತ್ತು.

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು ಬೆಂಚಿಗೆ ತಗುಲಿ ನಿಂತಳು. ತಾಯಿಯ ಮುಖ ನೋಡಿದಳು, ಕೋಲು ನೋಡಿದಳು. ಆಮೇಲೆ ಬೆರಳು ಮುರಿದ ಕೈಯನ್ನು ಎದೆಗೊತ್ತಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ಇನ್ನೊಂದು ಕೈಯನ್ನು ಅಂಗೈ ಮೇಲಾಗಿ ಅವಳ ಮುಂದೆ ಚಾಚಿದಳು.