ಗುಟ್ಟಿನ ಮಾತಿಗೆ ಇದ್ದ ಒಂದು ಬಾಗಿಲು

ಒಂದು ಶಾಲೆಯ ಆಪ್ತಸಮಾಲೋಚಕಿಯ ಹೊಟ್ಟೆಗೆ ಬಿದ್ದ ಗುಟ್ಟು ಹೊರಬಂದದ್ದೇ ಇಲ್ಲ. ಒಮ್ಮೆ ಭೂಕಂಪವೇ ಬಂದು ಕೇಳಿ, ಬರಿಗೈಯಲ್ಲಿ ವಾಪಸ್ ಹೋಗಿತ್ತು.

ಆದರೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಭೂಕಂಪಕ್ಕಿಂತ ಗಟ್ಟಿ. ಆಟದ ಸಾಮಾನಿನ ಕೋಣೆಯ ಪಕ್ಕದಲ್ಲಿ, ಸಮಾಲೋಚಕಿ ಮೇಡಂ ಕೂರುವ ಗೂಡಿನಲ್ಲಿ ಎರಡು ವಾರ ಗೋಡೆ ನೋಡುತ್ತ ಕೂತಳು. ಸಮಾಲೋಚನೆಗೆಂದು ತಾಯಿಯ ಸಹಿ ಇದ್ದ ಒಪ್ಪಿಗೆ ಪತ್ರ ಫೈಲಿನಲ್ಲಿದೆ, ಇನ್ನೇನು ಬೇಕು ಎಂದು ಮೇಡಂ ತಲೆ ಚಚ್ಚಿಕೊಂಡರು.

ಮೂರನೇ ವಾರ ಹುಡುಗಿ ಬಾಯಿ ಬಿಟ್ಟಳು. “ಸಹಿ ಅಮ್ಮಂದು. ನನ್ನನ್ನ ಯಾರು ಕೇಳಿದ್ರು?”

ಯಾರೂ ಕೇಳಿರಲಿಲ್ಲ. ನಾಚಿಕೆಯಾಗಿ ಮೇಡಂ ಕೇಳಿದರು: ಮಾತಾಡೋದಕ್ಕೆ ನಿನಗೆ ಒಪ್ಪಿಗೆಯೇ, ಬೇಡವೆಂದರೂ ಸರಿ. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಬಡಾಯಿಯ ಬಾಯಿ ಬಿಡಬೇಕಲ್ಲ. “ನೀನು ಹೇಳಿದ್ದು ಸತ್ತರೂ ಹೊರಗೆ ಹೋಗಲ್ಲ” ಎಂದುಬಿಟ್ಟರು.

ಹುಡುಗಿ ಒಪ್ಪಿದಳು, ಮಾತಾಡಿದಳು. ಅಲ್ಲಿಂದ ತಾಯಿಯ ಕಾಟ ಶುರು. ದಿನಾ ಗೇಟಿನ ಬಳಿ ಅದೇ ಪ್ರಶ್ನೆ: ಏನಂದಳು? ಸಹಿ ಹಾಕಿದವಳು ನಾನು, ನನಗೇ ಹೇಳಲ್ವಾ? ಮೇಡಂ ಉತ್ತರವೂ ಅದೇ: ಆ ಸಹಿ ಅವಳ ಜೊತೆ ಕೂರಲು ಕೊಟ್ಟ ಅನುಮತಿ, ಮಾತೆಲ್ಲ ಒಪ್ಪಿಸುವ ಕರಾರಲ್ಲ. ಸಾಮಾನ್ಯವಾಗಿ ಹೇಗಿದ್ದಾಳೆಂದು ಹೇಳಬಲ್ಲೆ, ಅಪಾಯವೆನಿಸಿದರೆ ನಾನೇ ಕರೆಯುತ್ತೇನೆ ಎಂದು ಮೇಡಂ ಸಾವಿರದ ಒಂದನೇ ಸಲ ಹೇಳಿದರು. ಕ್ಲಾಸ್ ಟೀಚರ್ ಕೂಡ ಸ್ಟಾಫ್ ರೂಮಿನಲ್ಲಿ ಕಿವಿ ನಿಮಿರಿಸಿ ಕೂತಿದ್ದರು. ಮೇಡಂಗೆ ರೋಸಿಹೋಯಿತು.

ಆಮೇಲೊಂದು ಮಧ್ಯಾಹ್ನ ಹುಡುಗಿ ಮೆಲ್ಲಗೆ ಹೇಳಿದಳು: ಬದುಕೋದೇ ಬೇಡ ಅನ್ನಿಸುತ್ತೆ, ಹೇಗೆ ಅಂತಲೂ ಯೋಚಿಸಿದ್ದೀನಿ.

“ಇದನ್ನ ನಿನ್ನ ಅಮ್ಮಂಗೆ ಇವತ್ತೇ ಹೇಳ್ಲೇಬೇಕು, ಪುಟ್ಟಿ.”

“ಸತ್ತರೂ ಹೊರಗೆ ಹೋಗಲ್ಲ ಅಂದಿದ್ರಿ.”

ಮೇಡಂ ಒಪ್ಪಿಕೊಂಡರು. “ಅಂದಿದ್ದೆ. ಸುಳ್ಳು. ಜೀವಕ್ಕೆ ಅಪಾಯ ಇದ್ರೆ, ಯಾರಾದ್ರೂ ನಿನ್ನ ಹಿಂಸೆ ಮಾಡ್ತಿದ್ರೆ, ನೀನು ಬೇರೆಯವರಿಗೆ ಏನಾದ್ರೂ ಮಾಡೋ ಹಾಗಿದ್ರೆ ನಾನು ಸುಮ್ನಿರೋಹಾಗಿಲ್ಲ. ಇದನ್ನ ಮೊದಲ ದಿನವೇ ಹೇಳ್ಬೇಕಿತ್ತು. ಹೇಳ್ದೇ ಇದ್ದದ್ದು ನನ್ನ ತಪ್ಪು.”

ಹುಡುಗಿ ಬ್ಯಾಗು ಎತ್ತಿಕೊಂಡಳು. ಅವಳು ಎದ್ದು ಹೋದರೆ ಎಲ್ಲ ಮುಗಿಯಿತು. ಮೇಡಂ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಒಂಟಿಯಾಗಿ ಬಿಡಲೂ ಇಲ್ಲ. ಕೇಳಿದರು: ಅಮ್ಮಂಗೆ ನೀನೇ ಹೇಳ್ತೀಯಾ, ನಾನು ಹೇಳ್ಲಾ? ಪಕ್ಕದಲ್ಲಿ ಇರ್ತೀಯಾ?

ಬ್ಯಾಗು ಕೆಳಗಿಳಿಯಿತು. “ನೀವೇ ಹೇಳಿ. ಅಪಾಯದ್ದು ಮಾತ್ರ.”

ತಾಯಿ ಬಂದರು. ಅಪಾಯದ್ದಷ್ಟೇ ಹೇಳಲಾಯಿತು, ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಅಂದೇ ಮನೋವೈದ್ಯರ ಬಳಿ ಹೋದದ್ದೂ ಆಯಿತು. ಮಿಕ್ಕಿದ್ದು ಆ ಗೂಡಿನಲ್ಲೇ ಉಳಿಯಿತು.

ಈಗ ಬೆಳೆದು ದೊಡ್ಡವಳಾಗಿರುವ ಆ ಹುಡುಗಿ, ತನ್ನ ಹೆಸರಿಲ್ಲದೆ ಇದನ್ನು ಬರೆಯಬಹುದೆಂದು ಒಪ್ಪಿ, ಓದಿ ಕೇಳಿದಳು: “ಭೂಕಂಪ ಯಾವಾಗ ಬಂತು ಮೇಡಂ?”

ಬಂದಿರಲಿಲ್ಲ. ಆ ಬಡಾಯಿಯ ಬಾಯಿ ನನ್ನದೇ.