ಸರ್ವಿಸ್ ಮಾಡಿದ ಶನಿವಾರ

ಮೊಳಕಾಲ್ಮೂರಿನಿಂದ ಆ ವಾರ ಮೂರನೇ ಸಲ ಫೋನ್ ಬಂತು. ಈ ಸಲ ಮಾತಾಡಿದ್ದು ಸ್ವಪ್ನ ಅಲ್ಲ, ಅವಳ ಮಾವ ಪಾತಣ್ಣ.

"ಸಾಬ್ರೆ, ಬಂದು ಆ ಕಂಪ್ಯೂಟರ್ ತಗೊಂಡು ಹೋಗ್ರಿ. ನಮ್ಮನೆಗೆ ಬ್ಯಾಡ ಅದು."

"ಯಾಕೆ ಪಾತಣ್ಣ, ಏನಾಯ್ತು?"

"ಆಗೋದೆಲ್ಲ ಆಗೈತೆ. ನಮ್ಮ ಸೊಸೆ ಅದರೊಳಗೆ ಏನೋ ಹಾಕಿ ಕೆಡಿಸ್ಬಿಟ್ಟಾಳೆ. ನಾಳೆಯಿಂದ ಅವಳು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲಿ, ನಾನು ಮೊದಲಿನಂಗೆ ಕೈಯಾಗೇ ಬರಕೊಂಡು ಕುಂದರ್ತೀನಿ."

ಚಳ್ಳಕೆರೆಯ ನನ್ನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ರೇಡಿಯೋ, ಟೀವಿ ಬಿಚ್ಚಿ ಜೋಡಿಸಿದ್ದೆ. ಕಂಪ್ಯೂಟರ್‌ಗೆ ಕೈ ಹಾಕಿದ್ದು ಆಮೇಲೆ, ಕೆಡಿಸುತ್ತ ಕೆಡಿಸುತ್ತ ಕಲಿತೆ. ಪಾತಣ್ಣನ ಮನೆಗೆ ಆ ಕಂಪ್ಯೂಟರ್ ಜೋಡಿಸಿಕೊಟ್ಟವನೂ ನಾನೇ, ಎರಡು ಸಾವಿರದ ಐದರಲ್ಲಿ. ಪಾತಣ್ಣ ಮೊಳಕಾಲ್ಮೂರು ಸೀರೆಗೆ ಅಂಚು, ಸೆರಗಿನ ಚಿತ್ರ ಬರೆಯುವವನು. ಚೌಕಳಿ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ, ಅದನ್ನು ನೋಡಿಕೊಂಡು, ಮಗ್ಗಕ್ಕೆ ಚಿತ್ರ ತಿಳಿಸುವ ಜಕಾರ್ಡ್ ರಟ್ಟಿಗೆ ತೂತು ಹೊಡೆಯುವುದು ಅವನ ಕೆಲಸ. ಕಣ್ಣು ಮಂಜಾಗತೊಡಗಿದ ಮೇಲೆ ಆ ಚೌಕಗಳನ್ನು ಕಂಪ್ಯೂಟರಿನಲ್ಲಿ ತುಂಬಲು ಕಲಿತವಳು ಸ್ವಪ್ನ. ಪಿಯುಸಿ ಓದಿದ ಹುಡುಗಿ. ಒಂದು ವರ್ಷದಲ್ಲಿ ಮೂವತ್ತೆಂಟು ಚಿತ್ರ ಮಾಡಿದ್ದಳು. ಅವಳ ಗಂಡ ಬಾಲರಾಜ್ ಅವನ್ನು ಮಗ್ಗದಲ್ಲಿ ನೇಯುತ್ತಿದ್ದ.

ಸ್ವಪ್ನಳ ಮೊದಲ ಫೋನ್ ಸೋಮವಾರ ಬಂದಿತ್ತು. ಪರದೆ ಮಿಣಮಿಣ ಅನ್ನುತ್ತದೆ, ಗೆರೆ ಅಲ್ಲಾಡುತ್ತದೆ ಎಂದಿದ್ದಳು. "ವೋಲ್ಟೇಜ್ ಇರಬೇಕಮ್ಮ," ಎಂದು ನಾನು ಅಂಗಡಿಯಿಂದ ಎದ್ದೂ ಇರಲಿಲ್ಲ. ನಮ್ಮ ಕಡೆ ಏನು ಕೆಟ್ಟರೂ ವೋಲ್ಟೇಜ್ ಅಂದರೆ ಯಾರೂ ಎದುರು ಮಾತಾಡುವುದಿಲ್ಲ. ಬುಧವಾರ ಫೋನ್ ಮಾಡಿ, ಪರದೆ ನೀಲಿಯಾಗಿ ತಾನೇ ಆಫಾಗಿ ಆನ್ ಆಗುತ್ತದೆ ಎಂದಳು. ಆಗಲೂ ವೋಲ್ಟೇಜ್ ಅಂದು, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಸ್ಟೆಬಿಲೈಜರ್ ಕಳಿಸಿದ್ದೆ.

ಪಾತಣ್ಣನ ಫೋನ್ ಬಂದ ಮಾರನೇ ದಿನ, ಶುಕ್ರವಾರ, ಬೆಳಗಿನ ಬಸ್ಸು ಹತ್ತಿದೆ.

ಪಾತಣ್ಣನ ಮನೆಯ ನಡುಮನೆಯಲ್ಲಿ ಮಗ್ಗದ ಸದ್ದು ನಿಂತಿತ್ತು. ಬಾಲರಾಜ್ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದ. ಅವನ ಅವ್ವ ದುರುಗಕ್ಕ ಬಾಗಿಲಲ್ಲೇ ಶುರು ಮಾಡಿದಳು.

"ಬರ್ರಿ ಸಾಬ್ರೆ. ನೋಡ್ರಿ ನಮ್ಮ ಇಂಜಿನಿಯರಮ್ಮನ ಕೆಲಸ. ತವರುಮನೆಯಿಂದ ಅದೇನೋ ಪೆಟ್ಟಿಗೆ ತಂದು ಸಿಗಿಸಿದ್ಳು, ಅವತ್ತೇ ಕೆಟ್ತು."

ಸ್ವಪ್ನ ಗೋಡೆಗೆ ಒರಗಿ ನಿಂತಿದ್ದಳು. ಕೈಯಲ್ಲಿ ಕಂಡಿಕೆ ಇತ್ತು. ಅಳುತ್ತಿರಲಿಲ್ಲ, ಅಳು ಮುಗಿದ ಮುಖ.

"ಸ್ಕ್ಯಾನರ್ ಸಾಬ್ರೆ," ಅಂದಳು. "ನಮ್ಮಣ್ಣ ಕೊಟ್ಟಿದ್ದು. ಹಳೇ ಸೀರೆಯ ಅಂಚು ಅದರೊಳಗಿಟ್ಟು ಚಿತ್ರ ತೆಗೀಬಹುದು ಅಂತ ಭಾನುವಾರ ಆನ್ ಮಾಡಿದ ಕೂಡ್ಲೇ ಹಾಕ್ದೆ, ಶನಿವಾರ ಮಧ್ಯಾಹ್ನದಿಂದ ಕಂಪ್ಯೂಟರ್ ಮುಟ್ಟಿರಲಿಲ್ಲ. ಅದರ ಸೀಡಿನೂ ಹಾಕ್ದೆ. ಅಷ್ಟೇ ನಾನು ಮಾಡಿದ್ದು."

ಭಾನುವಾರ ಅಂದಳಲ್ಲ, ಅದರ ಹಿಂದಿನ ದಿನ ಶನಿವಾರ ನಾನು ಅದೇ ಕುರ್ಚಿಯಲ್ಲಿ ಕೂತು ಸರ್ವಿಸ್ ಮಾಡಿ ಹೋಗಿದ್ದೆ. ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ನಾನೂ ಎತ್ತಲಿಲ್ಲ. ಸ್ಕ್ಯಾನರಿನದೇ ತಪ್ಪಿರಲಿ ಅಂತ ನನ್ನ ಮನಸ್ಸೂ ಬಯಸಿತು. ಸುಳ್ಳು ಯಾಕೆ ಹೇಳಲಿ.

ಸ್ಕ್ಯಾನರಿನ ವೈರು ಕಿತ್ತೆ, ಅದರ ಸಾಫ್ಟ್‌ವೇರನ್ನೂ ತೆಗೆದುಹಾಕಿದೆ. ಮತ್ತೆ ಆನ್ ಮಾಡಿದೆ. ವಿಂಡೋಸ್ ಬಂತು, ಸ್ವಪ್ನ ಮಾಡಿದ್ದ ನವಿಲಿನ ಅಂಚು ತೆರೆದೆ. ನವಿಲು ಒಂದು ಗಳಿಗೆ ನಿಂತು ನಡುಗತೊಡಗಿತು, ನೀರಿನಲ್ಲಿ ಕಂಡ ಹಾಗೆ. ಎರಡು ನಿಮಿಷಕ್ಕೆ ಪರದೆ ನೀಲಿಯಾಯಿತು. ಓದುವಷ್ಟರಲ್ಲಿ ಕಪ್ಪಾಗಿ ತಾನೇ ಮೊದಲಿಂದ ಶುರುವಾಯಿತು.

"ಸ್ಕ್ಯಾನರ್ ಕಿತ್ರೂ ಹಂಗೇ ಐತಲ್ಲ," ಅಂದ ಬಾಲರಾಜ್.

"ಒಳಗೆ ಕೆಡಿಸಿದ ಮೇಲೆ ಕಿತ್ರೇನು ಬಂತು?" ಅಂದಳು ದುರುಗಕ್ಕ. "ಹಾಲಿಗೆ ಹುಳಿ ಬಿದ್ಮೇಲೆ ನಿಂಬೆಹಣ್ಣು ತೆಗೆದಂಗಾತು."

ಅವಳ ಮಾತಿನಲ್ಲೂ ನ್ಯಾಯವಿತ್ತು. ಅದಕ್ಕೇ ಗಟ್ಟಿಯಾದ ಸಾಕ್ಷಿ ಬೇಕಾಗಿತ್ತು.

ಆನ್ ಆಗುವಾಗ ಎಫ್ ಎಂಟು ಒತ್ತಿ ಸೇಫ್ ಮೋಡಿಗೆ ಹೋದೆ. ಅಲ್ಲಿ ವಿಂಡೋಸ್ ತನ್ನ ಸಾದಾ ಡ್ರೈವರುಗಳನ್ನಷ್ಟೇ, ಅಂದರೆ ಪರದೆ, ಕೀಲಿಮಣೆ ನಡೆಸುವ ಸಣ್ಣ ಸಾಫ್ಟ್‌ವೇರುಗಳನ್ನಷ್ಟೇ, ಇಟ್ಟುಕೊಂಡು ಏಳುತ್ತದೆ. ಅಕ್ಷರ ದಪ್ಪಗೆ, ಬಣ್ಣ ಒರಟಾಗಿ ಬಂತು. ಆದರೆ ಪರದೆ ಕಲ್ಲಿನ ಹಾಗೆ ನಿಂತಿತ್ತು. ಹತ್ತು ನಿಮಿಷ ಕಾದೆ. ಒಂದು ಗೆರೆ ಅಲುಗಲಿಲ್ಲ. ಮಾನಿಟರ್ ಅದೇ, ಕರೆಂಟೂ ಅದೇ. ನಾನು ಎರಡು ಸಲ ಹೇಳಿದ್ದ ವೋಲ್ಟೇಜ್ ಅಲ್ಲಿಗೆ ಸುಳ್ಳಾಯಿತು.

"ಸ್ವಪ್ನಮ್ಮ, ಮೊದಲು ನಿನ್ನ ಚಿತ್ರಗಳನ್ನೆಲ್ಲ ಉಳಿಸ್ಕೊಳ್ಳೋಣ," ಅಂದು, ಸ್ಕ್ಯಾನರಿನ ಜತೆಗೆ ಅವಳಣ್ಣ ಕೊಟ್ಟಿದ್ದ ಪೆನ್‌ಡ್ರೈವಿಗೆ ಮೂವತ್ತೆಂಟನ್ನೂ ನಕಲು ಮಾಡಿಸಿದೆ. ಆಮೇಲೆ ನೀಲಿ ಪರದೆ ಬಂದಾಗ ತಾನೇ ಮತ್ತೆ ಶುರುವಾಗುವ ಏರ್ಪಾಡಿನ ಟಿಕ್ ತೆಗೆದೆ. ಮಾಮೂಲಿನಂತೆ ಆನ್ ಮಾಡಿ ನವಿಲು ತೆರೆದು ಕಾದೆವು.

ನೀಲಿ ಬಂತು. ಈ ಸಲ ಓಡಲಿಲ್ಲ, ನಿಂತಿತು. ಸ್ವಪ್ನ ಬಾಗಿ ಬಿಳಿ ಅಕ್ಷರಗಳನ್ನು ಒಂದೊಂದಾಗಿ ಓದಿ, ಅಲ್ಲಿದ್ದ ಫೈಲಿನ ಹೆಸರನ್ನು ಚೌಕಳಿ ಹಾಳೆಯ ಅಂಚಿಗೆ ಬರೆದುಕೊಂಡಳು. ಮತ್ತೆ ಸೇಫ್ ಮೋಡಿಗೆ ಬಂದು ಡಿವೈಸ್ ಮ್ಯಾನೇಜರ್ ತೆರೆದೆ. ಕಂಪ್ಯೂಟರಿಗೆ ಸೇರಿದ ಒಂದೊಂದು ಭಾಗಕ್ಕೂ ಯಾವ ಯಾವ ಫೈಲು ಕೆಲಸ ಮಾಡುತ್ತದೆ ಎಂದು ಅದು ತೋರಿಸುತ್ತದೆ.

"ಇಲ್ಲೈತೆ ಸಾಬ್ರೆ," ಅಂದಳು ಸ್ವಪ್ನ. ಬೆರಳು ಪರದೆಯ ಮೇಲಿತ್ತು. "ಡಿಸ್‌ಪ್ಲೇದಾಗೈತೆ, ಅದೇ ಹೆಸರು. ಸ್ಕ್ಯಾನರಿಂದಲ್ಲ."

ಪರದೆಗೆ ಚಿತ್ರ ಕಳಿಸುವ ಡ್ರೈವರ್ ಅದು. ಅದನ್ನು ಹಾಕಿದವನು ನಾನು.

ವಿಂಡೋಸ್ ಫೋಲ್ಡರಿನಲ್ಲಿ ಒಂದು ಲಾಗ್ ಫೈಲ್ ಇರುತ್ತದೆ. ಯಾವ ಡ್ರೈವರ್ ಯಾವತ್ತು ಎಷ್ಟು ಗಂಟೆಗೆ ಸೇರಿತು ಅಂತ ಅದರಲ್ಲಿ ಬರೆದಿರುತ್ತದೆ. ತೆರೆದು ನೋಡಿದೆ. ಶನಿವಾರ ಹನ್ನೊಂದು ನಲವತ್ತು. ಆ ಹೊತ್ತಿಗೆ ದುರುಗಕ್ಕ ನನಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಿದ್ದಳು.

ನನ್ನ ರೂಢಿ ಹೇಳಬೇಕು. ನಮ್ಮಪ್ಪ ಲಾರಿ ಮೆಕ್ಯಾನಿಕ್. ಗಾಡಿ ಸರ್ವಿಸಿಗೆ ಬಂದರೆ ಏನೂ ಕೆಟ್ಟಿರದಿದ್ದರೂ ಆಯಿಲ್ ಬದಲಾಯಿಸಿಯೇ ಕಳಿಸುತ್ತಿದ್ದ. ಧೂಳು ಒರೆಸಿ ಎದ್ದರೆ ಗಿರಾಕಿಗೂ ಸಮಾಧಾನವಿಲ್ಲ, ಏನಾದರೂ ಹೊಸದು ಬೀಳಬೇಕು. ಆ ಪದ್ಧತಿಯನ್ನು ನಾನು ಕಂಪ್ಯೂಟರಿಗೂ ತಂದಿದ್ದೆ. ಎಲ್ಲ ಡ್ರೈವರುಗಳ ಹೊಸ ನಮೂನೆ ತುಂಬಿದ್ದ ಒಂದು ಸೀಡಿ ನನ್ನ ಚೀಲದಲ್ಲಿ ಇರುತ್ತಿತ್ತು. ಚೆನ್ನಾಗಿ ನಡೆಯುತ್ತಿದ್ದ ಯಂತ್ರಕ್ಕೂ ಅದನ್ನು ಹಾಕಿ, ಏನನ್ನೂ ತೆರೆದು ನೋಡದೆ, "ಈಗ ನೋಡ್ರಿ" ಅಂತ ಎದ್ದು ಬರುತ್ತಿದ್ದೆ.

ಸರಿ ಮಾಡುವ ದಾರಿ ಸುಲಭವಿತ್ತು. ಅದೇ ಡಿವೈಸ್ ಮ್ಯಾನೇಜರಿನಲ್ಲಿ ರೋಲ್ ಬ್ಯಾಕ್ ಎಂಬ ಬಟನ್ ಒತ್ತಿದರೆ ಹಿಂದಿನ ಡ್ರೈವರ್ ವಾಪಸು ಬರುತ್ತದೆ. ಒತ್ತಿ, ಸ್ಕ್ಯಾನರ್ ಒಳಗೆ ಕೆಡಿಸಿದ್ದನ್ನು ತೆಗೆದೆ ಅಂದಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ಸ್ವಪ್ನ ಒಬ್ಬಳೇ. ಅವಳ ಮಾತನ್ನು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಒತ್ತಿದೆ. ಮತ್ತೆ ಆನ್ ಮಾಡಿದೆ. ನವಿಲು ನಿಂತಿತು. ಅರ್ಧ ಗಂಟೆ ಸ್ವಪ್ನ ಅದನ್ನು ಮೇಲೆ ಕೆಳಗೆ ಓಡಿಸಿದಳು, ದೊಡ್ಡದು ಚಿಕ್ಕದು ಮಾಡಿದಳು. ಅಲುಗಲಿಲ್ಲ.

"ಪಾತಣ್ಣ, ಕೆಡಿಸಿದ್ದು ನಿನ್ನ ಸೊಸೆ ಅಲ್ಲ," ಅಂದೆ. "ಶನಿವಾರ ನಾನು ಹಾಕಿದ ಡ್ರೈವರ್ ಈ ಕಂಪ್ಯೂಟರಿನ ಬೋರ್ಡಿಗೆ ಹೊಂದಲಿಲ್ಲ. ತಪ್ಪು ನಂದು."

ಪಾತಣ್ಣ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದ.

"ಸಾಬ್ರೆ, ನಿಮ್ಮದು ದೊಡ್ಡ ಮನಸ್ಸು. ಹೆಣ್ಣುಹುಡುಗಿ ಮೇಲೆ ಮಾತು ಬರಬಾರದು ಅಂತ ಹಿಂಗಂತೀರಿ. ಆದ್ರೆ ಸ್ಕ್ಯಾನರ್ ಕಿತ್ತು, ಅದು ಒಳಗೆ ಬಿಟ್ಟ ಹುಳಿನೂ ತೆಗೆದಿದ್ದೀರಿ, ಸರಿಹೋಗೈತೆ. ನನಗಷ್ಟು ತಿಳಿಯಲ್ವಾ?"

"ಆಯ್ತು," ಅಂದೆ. "ಕಿತ್ತಿದ್ದನ್ನೆಲ್ಲ ವಾಪಸು ಸಿಗಿಸೋಣ."

ಸ್ವಪ್ನಳ ಕೈಯಿಂದಲೇ ಸ್ಕ್ಯಾನರ್ ಹಾಕಿಸಿದೆ, ಅದರ ಸೀಡಿಯನ್ನೂ ಅವಳೇ ಹಾಕಿದಳು. ದುರುಗಕ್ಕನ ಹಳೇ ಸೀರೆಯ ಅಂಚನ್ನು ಅದರೊಳಗಿಟ್ಟಳು. ಚಿತ್ರ ಬಂತು. ಪರದೆ ಅಲುಗಲಿಲ್ಲ. ಬಾಲರಾಜ್ ಮಗ್ಗದಿಂದ ಎದ್ದು ಬಂದು ನಿಂತ.

"ಈಗ ಇದನ್ನು ನೋಡು ಪಾತಣ್ಣ," ಅಂದು ನನ್ನ ಚೀಲದಿಂದ ಸೀಡಿ ತೆಗೆದೆ. ಶನಿವಾರ ಹಾಕಿದ್ದ ಅದೇ ಡ್ರೈವರನ್ನು ಕಂಪ್ಯೂಟರಿಗೆ ಮತ್ತೆ ಹಾಕಿದೆ. ಮೂವತ್ತು ವರ್ಷದ ಕೆಲಸದಲ್ಲಿ ಸರಿಯಾಗಿದ್ದುದನ್ನು ಗೊತ್ತಿದ್ದೂ ಕೆಡಿಸಿದ್ದು ಅದೇ ಮೊದಲು.

ಯಂತ್ರ ಎದ್ದಿತು. ನವಿಲು ತೆರೆಯುತ್ತಲೇ ನಡುಗಿತು. ಮೂರನೇ ನಿಮಿಷಕ್ಕೆ ಇಡೀ ಪರದೆ ನೀಲಿಯಾಗಿ ಪಾತಣ್ಣನ ಮುಖದ ಮೇಲೆ ಆ ಬೆಳಕು ಬಿತ್ತು.

"ಹಿಂದಕ್ಕೆ ತಗೊಳ್ಳಮ್ಮ," ಅಂದೆ ಸ್ವಪ್ನಳಿಗೆ. ಸೇಫ್ ಮೋಡಿಗೆ ಹೋಗಿ ರೋಲ್ ಬ್ಯಾಕ್ ಒತ್ತಿದವಳು ಅವಳೇ. ಮತ್ತೆ ಆನ್ ಆದಾಗ ಪಕ್ಕದಲ್ಲಿ ಸ್ಕ್ಯಾನರ್ ಹಾಗೇ ಇತ್ತು, ನವಿಲು ತಣ್ಣಗೆ ನಿಂತಿತ್ತು.

ದುರುಗಕ್ಕ ಸೊಸೆಯ ಕೈಯಿಂದ ಕಂಡಿಕೆ ತಗೊಂಡು ಒಳಗೆ ಹೋದಳು. ಕ್ಷಮೆ ಕೇಳುವ ರೂಢಿ ನಮ್ಮ ಕಡೆ ಹಿರಿಯರಿಗಿಲ್ಲ. ಪಾತಣ್ಣ ಮಣೆ ಎಳೆದುಕೊಂಡು ಸ್ವಪ್ನಳ ಹತ್ತಿರ ಕೂತು, "ಕೊಕ್ಕಿನ ತಾವ ಒಂದು ಚೌಕ ಕಮ್ಮಿ ಆಗೈತಾ ನೋಡವ್ವ," ಅಂದ.

"ಇಲ್ಲ ಮಾವ, ಸರಿ ಐತೆ. ಎಣಿಸಿದೀನಿ."

"ನೀನು ಎಣಿಸಿದ್ರೆ ಸರಿ ಬಿಡು."

ನಾನು ಚೀಲ ಕಟ್ಟಿದೆ. ಕೂಲಿ ಕೇಳಲಿಲ್ಲ, ಅವರೂ ಆ ಮಾತೆತ್ತಲಿಲ್ಲ. ಬಾಗಿಲು ದಾಟುವಾಗ ಪಾತಣ್ಣ ಕರೆದ. "ಬುಡೇನ್ ಸಾಬ್ರೆ, ಈ ಸೀಡಿ ಇನ್ನೆಷ್ಟು ಮನೆಗೆ ಹಾಕಿದ್ದೀರಿ?"

ನಿಂತೆ. ಇದೇ ನಮೂನೆಯ ಬೋರ್ಡುಗಳನ್ನು ಒಟ್ಟಿಗೆ ತಂದು ಹಲವು ಕಡೆ ಜೋಡಿಸಿಕೊಟ್ಟಿದ್ದೆ. ಅವುಗಳಲ್ಲಿ ಈ ಸೀಡಿ ಹಾಕಿ ಸರ್ವಿಸ್ ಮಾಡಿದವನ್ನು ಬೆರಳು ಮಡಚಿ ಲೆಕ್ಕ ಹಾಕಿದೆ. "ನಾಲ್ಕು."

"ಮತ್ತೆ? ಅಲ್ಲೂ ಯಾರೋ ಒಬ್ಬರು ಬೈಸ್ಕೊಳ್ತಾ ಇರ್ತಾರೆ."

ಚಳ್ಳಕೆರೆಯಲ್ಲಿ ಇಳಿದವನು ಮನೆಗೆ ಹೋಗಲಿಲ್ಲ. ಆ ನಾಲ್ಕರಲ್ಲಿ ಬಸ್ ಸ್ಟ್ಯಾಂಡಿಗೆ ಹತ್ತಿರವಿದ್ದದ್ದು ಸೋಮಶೇಖರಪ್ಪನವರ ಎಣ್ಣೆ ಮಿಲ್ಲು. ಆಫೀಸಿನ ಬಾಗಿಲಲ್ಲಿ ಗುಮಾಸ್ತ ಜಂಪಣ್ಣ ತಲೆ ತಗ್ಗಿಸಿ ನಿಂತಿದ್ದ. ಒಳಗೆ ಯಜಮಾನರ ದನಿ ಜೋರಾಗಿ ಕೇಳುತ್ತಿತ್ತು.

"ನೀನೇ ಏನೋ ಒತ್ತಿದ್ದೀಯ ಕಣಯ್ಯ! ಮೊನ್ನೆವರೆಗೂ ಚೆನ್ನಾಗಿತ್ತಲ್ಲ!"

ನಾನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. "ಸ್ವಾಮಿ, ಒಂದು ಗಳಿಗೆ ಬೈಯೋದು ನಿಲ್ಲಿಸ್ರಿ," ಅಂದೆ. "ಅವನಲ್ಲ, ನಾನು."