ಬೀಮಿನ ಎರಡು ಮಗ್ಗುಲು

ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟುವ ಸೆಂಟ್ರಿಂಗ್ ಮೇಸ್ತ್ರಿಯನ್ನು ಚಿಕ್ಕಪ್ಪ ಬಯ್ಯುತ್ತಿದ್ದಾಗ ಲೆಕ್ಕದ ಹುಡುಗಿ ಸೈಟ್ ಆಫೀಸಿನೊಳಗೇ ಕೂತಿದ್ದಳು. ಅವಳ ಕಂಟ್ರಾಕ್ಟರ್ ಚಿಕ್ಕಪ್ಪನ ಗಂಟಲು ಬೀದಿಗೇ ಕೇಳಿಸುವಂಥದ್ದು. ಆಫೀಸಿನ ತಗಡಿನ ಗೋಡೆ ಅವನಿಗೆ ಯಾವ ಲೆಕ್ಕ?

"ಅಳತೆ ನೋಡೇ ಪ್ಲೈವುಡ್ ಕಳಿಸಿದೀನಿ. ಸಾಲಲಿಲ್ಲ ಅಂದ್ರೆ ಉಳಿದದ್ದು ಎಲ್ಲಿ ಮಾರ್ಕೊಂಡ್ರಿ?"

ಮೇಸ್ತ್ರಿಯ ದನಿ ತಣ್ಣಗೆ ಬಂತು. "ಆಯ್ತು. ಇರೋದ್ರಲ್ಲೇ ಮುಗಿಸ್ತೀನಿ. ನಾಳೆ ಕಾಂಕ್ರೀಟ್ ನಿಲ್ಲಲ್ಲ."

ಆ ಅಳತೆ ಹುಡುಗಿಯದೇ. ನಕ್ಷೆ ಹರವಿ ಮತ್ತೆ ಮೊದಲಿನಿಂದ ನೋಡಿದಳು. ಆರು ಕಂಬ, ಸುತ್ತಳತೆ ಒಂದು ಪಾಯಿಂಟ್ ಎರಡು ಮೀಟರ್, ಬೀಮಿನ ತಳದವರೆಗೆ ಎರಡು ಪಾಯಿಂಟ್ ಏಳು ಮೀಟರ್ ಎತ್ತರ. ಹತ್ತೊಂಬತ್ತೂವರೆ ಚದರ ಮೀಟರಿಗೆ ಕೂದಲೆಳೆ ಕಡಿಮೆ. ಸರಿ. ಬೀಮುಗಳ ನಡುವೆ ಸ್ಲ್ಯಾಬಿನ ಎರಡು ಅಂಕಣ, ನಾಲ್ಕು ಐದಲಿ ಇಪ್ಪತ್ತು, ಎರಡಕ್ಕೆ ನಲವತ್ತು. ಅವಳು ಬರೆದಿದ್ದದ್ದು ನಲವತ್ತೊಂಬತ್ತು ಪಾಯಿಂಟ್ ಮೂರು. ಯಾಕೆಂದರೆ ಅವಳು ಇಡೀ ಕಟ್ಟಡದ ಉದ್ದಗಲ ಗುಣಿಸಿ, ಕಂಬದ ತಲೆಗಳನ್ನಷ್ಟೇ ಕಳೆದಿದ್ದಳು. ಬೀಮುಗಳ ತಳವೂ ಅದರೊಳಗೇ ಸೇರಿಕೊಂಡಿತ್ತು.

ಅದೂ ತಪ್ಪಲ್ಲ. ಹೋದ ವಾರ ಚಿಕ್ಕಪ್ಪ ಬೆರಳಿಟ್ಟು ತೋರಿಸಿದ್ದ, "ಬೀಮಿನ ತಳ ಎರಡು ಸಲ ಬಂದಿದೆ ನೋಡು, ಒಂದು ತೆಗಿ." ಅವಳು ತೆಗೆದಳು. ತಳವೊಂದನ್ನೇ ತೆಗೆಯುವ ಬದಲು ಬೀಮಿನ ಸಾಲನ್ನೇ ಅಳಿಸಿಬಿಟ್ಟಿದ್ದಳು. ಬೀಮಿಗೆ ತಳವಷ್ಟೇ ಅಲ್ಲ, ಎರಡು ಮಗ್ಗುಲೂ ಇವೆ. ಒಟ್ಟು ಮೂವತ್ತೊಂದು ಮೀಟರ್ ಬೀಮು, ಸ್ಲ್ಯಾಬಿನ ಕೆಳಗೆ ಮೂವತ್ತು ಸೆಂಟಿಮೀಟರ್ ಇಳಿಯುತ್ತದೆ, ಎರಡೂ ಕಡೆ. ಹದಿನೆಂಟು ಪಾಯಿಂಟ್ ಆರು ಚದರ ಮೀಟರ್. ಪಟ್ಟಿಯಾಗಿ ಕೊಯ್ದರೆ ಪ್ಲೈವುಡ್ಡಿನ ಏಳು ಹಾಳೆ.

ಮೇಸ್ತ್ರಿ ಒಂದು ಹಾಳೆಯನ್ನೂ ಕದ್ದಿರಲಿಲ್ಲ.

ಹಾಗಾದರೆ ಆ ಏಳು ಹಾಳೆಯನ್ನು ಈಗ ಎಲ್ಲಿಂದ ತರುತ್ತಾನೆ? ಆ ಪ್ರಶ್ನೆ ಪೂರ್ತಿಯಾಗುವುದರೊಳಗೆ ಕೆಳಗಿನ ಮಹಡಿಯಿಂದ ಠಣ್ ಎಂದು ಸುತ್ತಿಗೆಯ ಸದ್ದು ಕೇಳಿತು. ಸ್ಲ್ಯಾಬಿಗೆ ಆಸರೆ ಕೊಟ್ಟ ಕಬ್ಬಿಣದ ಜಾಕಿಯನ್ನು ಸಡಿಲಿಸುವ ಸದ್ದು.

ಆ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿದು ಇನ್ನೂ ಎಂಟೇ ದಿನ. ನಾಳೆ ಮೇಲಿನ ಮಹಡಿಯ ಹಸಿ ಕಾಂಕ್ರೀಟಿನ ಭಾರವೆಲ್ಲ ಇಳಿಯುವುದು ಅದರ ಮೇಲೆಯೇ. ಕೆಳಗಿನ ಜಾಕಿ ಕಿತ್ತು ಹಲಗೆ ಎಳೆದರೆ ಅದು ತಡೆಯುತ್ತದೆಂದು ಯಾರು ಹೇಳಬಲ್ಲರು? ಮೇಸ್ತ್ರಿಗೆ ಇದು ತಿಳಿಯದೆಂದಲ್ಲ. ಮಾನಕ್ಕೆ ಪೆಟ್ಟು ಬಿದ್ದವನಿಗೆ ತಿಳಿದದ್ದೂ ಮರೆತುಹೋಗುತ್ತದೆ.

ಅವಳು ಎದ್ದು ಬಿದ್ದು ಓಡಿದಳು. ಸಾಲು ಜಾಕಿಗಳ ನಡುವೆ ಮೇಸ್ತ್ರಿ ಸುತ್ತಿಗೆ ಎತ್ತಿದ್ದ. ಇಬ್ಬರು ಬಡಗಿಗಳು ಹಲಗೆ ಹಿಡಿಯಲು ಕೈಚಾಚಿ ನೇರ ಸ್ಲ್ಯಾಬಿನಡಿಯಲ್ಲೇ ನಿಂತಿದ್ದರು.

"ಹೊಡೀಬೇಡಿ ಮಾಮ! ತಪ್ಪು ನಂದು!"

"ಲೆಕ್ಕ ಸರಿ ಇದೆಯಂತಲ್ಲ ತಾಯಿ," ಮೇಸ್ತ್ರಿ ತಿರುಗಲಿಲ್ಲ. "ಇನ್ನೊಂದು ನಾಲ್ಕು ಜಾಕಿ, ಹಲಗೆ ಕೈಗೆ ಬರುತ್ತೆ."

ಹಿಂದೆಯೇ ಚಿಕ್ಕಪ್ಪನೂ ಏದುಸಿರು ಬಿಡುತ್ತ ಬಂದ. ಅವನೆದುರು ಹೇಳಬೇಕು. ಹೇಳಿದರೆ ನಾಳೆಯಿಂದ ಅವಳ ಕೈಗೆ ನಕ್ಷೆ ಬರುವುದು ಅನುಮಾನ. ಅವಳಿಗೆ ಅಳು ಬಂತು, ಅಳುತ್ತಲೇ ಹೇಳಿದಳು.

"ಬೀಮಿನ ಮಗ್ಗುಲು ಬಿಟ್ಟುಬಿಟ್ಟೆ ಚಿಕ್ಕಪ್ಪ. ಏಳು ಹಾಳೆ ನಾವೇ ಕಡಿಮೆ ಕಳ್ಸಿದೀವಿ. ಇವರು ಏನೂ ಮಾಡಿಲ್ಲ."

ಸುತ್ತಿಗೆ ಕೆಳಗಿಳಿಯಿತು. ಮೇಸ್ತ್ರಿ ಸಡಿಲಾದ ಜಾಕಿಯನ್ನು ತಾನೇ ತಿರುಗಿಸಿ ಬಿಗಿ ಮಾಡಿದ, ಅಲುಗಾಡಿಸಿ ನೋಡಿದ, ಮತ್ತೊಮ್ಮೆ ಬಿಗಿ ಮಾಡಿದ. ಆಮೇಲೆ ಚಿಕ್ಕಪ್ಪನ ಮುಖವನ್ನೇ ನೋಡುತ್ತ ನಿಂತ.

ಚಿಕ್ಕಪ್ಪ ಜೇಬಿನಿಂದ ಫೋನು ತೆಗೆದ. "ಏಳು ಹಾಳೆ ತಾನೆ? ಮಧ್ಯಾಹ್ನಕ್ಕೆ ತರಿಸ್ತೀನಿ. ನೀವು ಕೆಲಸ ನೋಡಿ."

"ನಾನು ಕೇಳ್ತಿರೋದು ಹಾಳೆ ಅಲ್ಲ," ಎಂದ ಮೇಸ್ತ್ರಿ.

ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲವೆಂದೇನಲ್ಲ. ತಪ್ಪಾಯ್ತು ಎಂಬ ಒಂದೇ ಮಾತು ಸಾಕಿತ್ತು. ಬೀದಿಗೇ ಕೇಳಿಸುವ ಗಂಟಲಿನವನು ಫೋನನ್ನು ಕಿವಿಗಿಟ್ಟು ಆಚೆ ತಿರುಗಿದ.

"ನೀನು ಬಾಯಿ ಬಿಟ್ಟು ಹೇಳಿದೆ ತಾಯಿ, ಅಷ್ಟು ಸಾಕು," ಎಂದು ಮೇಸ್ತ್ರಿ ಅವಳ ತಲೆ ಮುಟ್ಟಿದ. ಬಡಗಿಗಳಿಗೆ ಕಣ್ಸನ್ನೆ ಮಾಡಿ ಸಾಮಾನಿನ ಚೀಲ ಹೆಗಲಿಗೇರಿಸಿ ಅವರೊಂದಿಗೆ ಹೊರಟೇಹೋದ.

ಮಧ್ಯಾಹ್ನ ಪ್ಲೈವುಡ್ ಬಂತು. ಇಳಿಸಲು ಯಾರೂ ಇರಲಿಲ್ಲ. ಹುಡುಗಿ ಒಂದು ತುದಿ, ಚಿಕ್ಕಪ್ಪ ಒಂದು ತುದಿ ಹಿಡಿದು ಏಳೂ ಹಾಳೆಗಳನ್ನು ಇಳಿಸಿದರು.